ಮಾತು ಚಿತ್ರವಾಗುವ ಬಗೆ

ಷೇಕ್ಸ್‌ಪಿಯರನ ಕಾಲದ ‘ಗ್ಲೋಬ್’ ರಂಗಮಂದಿರದಲ್ಲಿ ನಾಟಕಗಳು ಹಾಡಹಗಲಿನಲ್ಲಿ, ತೆರೆದ ಆಕಾಶದ ಕೆಳಗೆ ನಡೆಯುತ್ತಿದ್ದವು. ನಡುರಾತ್ರಿಯ ಕೊಲೆಯೊಂದನ್ನು ಅಲ್ಲಿ ಆಡಿ ತೋರಿಸಬೇಕಾದರೆ ಕತ್ತಲನ್ನು ಮಾತಿನಿಂದಲೇ ಕಟ್ಟಬೇಕಾಗಿತ್ತು. ದೂರದಲ್ಲಿ ನಿಂತ ಪ್ರೇಕ್ಷಕನಿಗೆ ನಟನ ಕೈಯಲ್ಲಿರುವುದು ಏನೆಂಬುದನ್ನೂ ಹಲವು ವೇಳೆ ಮಾತೇ ತಿಳಿಸುತ್ತಿತ್ತು. ಅಂತಹ ದೃಶ್ಯವನ್ನು ವಿಡಿಯೊಗೆ ಅಳವಡಿಸುವವನು ಮೊದಲು ಮಾಡಬೇಕಾದ ಕೆಲಸವೆಂದರೆ, ಒಂದೊಂದು ಮಾತೂ ಅಲ್ಲಿ ಏಕೆ ಇದೆ ಎಂದು ವಿಚಾರಿಸುವುದು.

‘ಮ್ಯಾಕ್‌ಬೆತ್’ ನಾಟಕದ ಎರಡನೆಯ ಅಂಕದ ಎರಡನೆಯ ದೃಶ್ಯವನ್ನು ತೆಗೆದುಕೊಳ್ಳೋಣ. ಸೇನಾನಿಯಾದ ಮ್ಯಾಕ್‌ಬೆತ್ ತನ್ನ ಮನೆಗೆ ಅತಿಥಿಯಾಗಿ ಬಂದ ದೊರೆ ಡಂಕನ್ನನನ್ನು ನಿದ್ರೆಯಲ್ಲಿಯೇ ಕೊಂದು ಬರುತ್ತಾನೆ. ಕೊಲೆ ನೇಪಥ್ಯದಲ್ಲಿ ನಡೆಯುತ್ತದೆ. ಅವನ ಹೆಂಡತಿ ಹೊರಗೆ ಕಾದಿದ್ದಾಳೆ. ಕಾವಲುಗಾರರ ಬಳಿಯೇ ಬಿಟ್ಟು ಬರಬೇಕಾಗಿದ್ದ ಎರಡು ಕಠಾರಿಗಳು ಅವನ ಕೈಯಲ್ಲಿಯೇ ಉಳಿದಿವೆ. ಅವನ್ನು ಅವಳು ಗಮನಿಸುವುದು ಸಾಕಷ್ಟು ಮಾತುಕತೆಯಾದ ಮೇಲೆ.

ಗೂಬೆ ಕೂಗಿತು, ಜೀರುಂಡೆ ಚೀರಿತು ಎಂಬ ಅವಳ ಮಾತು ಮೂಲತಃ ಸದ್ದನ್ನು ಕುರಿತದ್ದು. ಆ ಸದ್ದುಗಳನ್ನೇ ಕೇಳಿಸಿದರೆ ಮಾತನ್ನು ಮೊಟಕುಗೊಳಿಸಬಹುದು. ತನ್ನ ಕೈಗಳನ್ನು ನೋಡಿಕೊಂಡು ಅವನು ಅದೊಂದು ದುಃಖಕರ ನೋಟವೆಂದು ಹೇಳುವ ಮಾತನ್ನು ರಕ್ತಸಿಕ್ತ ಕೈಗಳ ಸಮೀಪ ಚಿತ್ರಕ್ಕೆ ಬಿಟ್ಟುಕೊಡಬಹುದು. ಆದರೆ ನಿದ್ರೆಯನ್ನೇ ತಾನು ಕೊಂದೆನೆಂದು ಕೂಗುವ ದನಿಯೊಂದನ್ನು ಕೇಳಿದುದಾಗಿ ಅವನು ಹೇಳುತ್ತಾನಲ್ಲ, ಅದಕ್ಕೆ ಚಿತ್ರವಿಲ್ಲ. ಆ ದನಿಯನ್ನು ಪ್ರೇಕ್ಷಕರಿಗೂ ಕೇಳಿಸಿದರೆ ಅದು ನಿಜವಾದ ದನಿಯಾಗಿಬಿಡುತ್ತದೆ. ಅವನ ಮನಸ್ಸಿನ ಕುಸಿತ ಕಾಣದಾಗುತ್ತದೆ. ಮಲಗಿದ್ದ ದೊರೆ ತನ್ನ ತಂದೆಯನ್ನು ಹೋಲದಿದ್ದರೆ ತಾನೇ ಕೊಲ್ಲುತ್ತಿದ್ದೆನೆಂಬ ಅವಳ ಮಾತೂ ಅಂತಹುದೇ. ಅಲ್ಲಿ ತಂದೆಯ ಮುಖವನ್ನು ತೋರಿಸುವುದು ಅರಸಿಕತನ. ತೋರಿಸಬೇಕಾದುದು ಅದನ್ನು ಹೇಳುವವಳ ಮುಖ.

ಈ ದೃಶ್ಯದ ನಿಜವಾದ ತೊಡಕು ಕಠಾರಿಗಳದು. ಮ್ಯಾಕ್‌ಬೆತ್ ಬಂದೊಡನೆ ಕ್ಯಾಮೆರಾ ಅವನ್ನು ಹತ್ತಿರದಿಂದ ತೋರಿಸಿತೆನ್ನೋಣ. ಪ್ರೇಕ್ಷಕರು ಕಂಡುದನ್ನು ಎದುರಿಗೇ ನಿಂತ ಹೆಂಡತಿ ಅಷ್ಟು ಹೊತ್ತು ಕಾಣಲಿಲ್ಲವೆಂದರೆ ಅವಳು ಕುರುಡಿಯಂತೆ ತೋರುತ್ತಾಳೆ. ಅವಳ ಪ್ರಶ್ನೆ ಹಳಸಲಾಗುತ್ತದೆ. ಆದುದರಿಂದ ಅವನು ಇಳಿದು ಬರುವಾಗ ನೆರಳಿನಲ್ಲಿರಬೇಕು. ಬಳಿಕ ಇಬ್ಬರನ್ನೂ ಎದೆಯಿಂದ ಮೇಲಕ್ಕೆ ಮಾತ್ರ ತೋರಿಸಬೇಕು; ಕಠಾರಿಗಳು ಚೌಕಟ್ಟಿನ ಕೆಳಗೆ ಅಡಗಿರುತ್ತವೆ. ಹಾಗಾದರೆ ಮೇಲೆ ಹೇಳಿದ ಕೈಗಳ ಚಿತ್ರ ಅಷ್ಟು ಬೇಗ ಬರುವಂತಿಲ್ಲ; ಆ ಮಾತನ್ನು ಮಾತಾಗಿಯೇ ಉಳಿಸಿ, ಅವನ ದೃಷ್ಟಿ ಕೆಳಗಿಳಿಯುವುದನ್ನಷ್ಟೇ ತೋರಿಸಬೇಕು. ಒಂದು ಚಿತ್ರವನ್ನು ತಡೆಹಿಡಿಯಲು ಇನ್ನೊಂದನ್ನು ಕೈಬಿಡಬೇಕಾಗಿ ಬರುವುದು ಹೀಗೆ. ಮುಂದೆ ಅವಳು ಅವನ ಕೈ ಹಿಡಿಯಲು ಹೋಗಿ ದೃಷ್ಟಿಯನ್ನು ಕೆಳಗಿಳಿಸುತ್ತಾಳೆ. ಒಡನೆಯೇ ಕಠಾರಿಗಳ ಸಮೀಪ ಚಿತ್ರ. ಆ ಮೇಲೆ ಅವಳ ಮುಖ. ಅವನ್ನೇಕೆ ತಂದೆ ಎಂಬ ಪ್ರಶ್ನೆಯನ್ನು ಈಗ ಅವಳು ಬಾಯಿಬಿಟ್ಟು ಕೇಳದಿದ್ದರೂ ನಡೆದೀತು. ಅವನ್ನು ಅಲ್ಲಿಯೇ ಇಟ್ಟು ಬಾ ಎಂಬ ಅಪ್ಪಣೆ ಮಾತ್ರ ಇರಲೇಬೇಕು. ಮುಂದಿನ ಕಥೆ ಅದರಿಂದಲೇ ನಡೆಯುತ್ತದೆ.

ಇನ್ನು ಚಿತ್ರೀಕರಣ. ಒಂದೇ ಕ್ಯಾಮೆರಾ ಇದ್ದರೆ ಮೊದಲು ಇಡೀ ದೃಶ್ಯವನ್ನು ದೂರದಿಂದ, ನಡುವೆ ನಿಲ್ಲಿಸದೆ ಚಿತ್ರಿಸುತ್ತಾರೆ. ಅನಂತರ ಅದನ್ನೇ ಮತ್ತೆ ಆಡಿಸಿ ಅವನೊಬ್ಬನನ್ನು, ಮತ್ತೊಮ್ಮೆ ಅವಳೊಬ್ಬಳನ್ನು ಹತ್ತಿರದಿಂದ ಹಿಡಿಯುತ್ತಾರೆ. ಕೊನೆಯಲ್ಲಿ ಕಠಾರಿ ಮತ್ತು ಕೈಗಳನ್ನು. ಇಬ್ಬರ ನಡುವೆ ಒಂದು ಗೆರೆಯನ್ನು ಕಲ್ಪಿಸಿಕೊಂಡು ಕ್ಯಾಮೆರಾವನ್ನು ಅದರ ಒಂದೇ ಪಕ್ಕದಲ್ಲಿ ಇರಿಸಬೇಕು. ಗೆರೆ ದಾಟಿದರೆ, ಜೋಡಿಸಿದಾಗ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತ ಮೂರನೆಯವರೊಡನೆ ಮಾತನಾಡುವಂತೆ ಕಾಣುತ್ತದೆ.

ಅವಳು ಕಠಾರಿಗಳನ್ನು ಕಸಿದುಕೊಂಡು ಹೋದ ಮೇಲೆ ಹೊರಬಾಗಿಲನ್ನು ಯಾರೋ ತಟ್ಟುವ ಸದ್ದು ಮತ್ತೆ ಮತ್ತೆ ಕೇಳಿಬರುತ್ತದೆ. ಅದನ್ನು ಚಿತ್ರೀಕರಣದ ವೇಳೆಯಲ್ಲಿಯೇ ತಟ್ಟಿ ಮುದ್ರಿಸುವುದು ಸಹಜವೆಂದು ತೋರಬಹುದು. ಆದರೆ ಒಂದೊಂದು ಬಾರಿ ಆಡಿದಾಗಲೂ ತಟ್ಟುವ ಹೊತ್ತು ತುಸು ವ್ಯತ್ಯಾಸವಾಗುತ್ತದೆ; ಸದ್ದು ಮಾತಿನ ಮೇಲೆ ಬಿದ್ದರೆ ಸಂಕಲನಕಾರನು ಅದನ್ನು ಬೇರ್ಪಡಿಸಲಾರ. ಆದುದರಿಂದ ನಟನಿಗೆ ಕೈಸನ್ನೆಯಿಂದ ಸೂಚನೆ ಕೊಟ್ಟು, ಸದ್ದನ್ನು ಪ್ರತ್ಯೇಕವಾಗಿ ಮುದ್ರಿಸಿ, ಆಮೇಲೆ ಸೇರಿಸುತ್ತಾರೆ.

ಇಷ್ಟಾದರೂ ಎಲ್ಲರ ತೀರ್ಮಾನವೂ ಒಂದೇ ಆಗಿರಬೇಕಿಲ್ಲ. ರೋಮನ್ ಪೊಲಾನ್ಸ್ಕಿಯು 1971ರ ತನ್ನ ಚಲನಚಿತ್ರದಲ್ಲಿ ನೇಪಥ್ಯದ ಕೊಲೆಯನ್ನೇ ಕಣ್ಣೆದುರು ತಂದನು. ಟ್ರೆವರ್ ನನ್ 1976ರಲ್ಲಿ ರಂಗದ ಮೇಲೆ ತಂದ ಪ್ರಯೋಗವು 1979ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದಾಗ ಬಹುಮಟ್ಟಿಗೆ ಕತ್ತಲನ್ನೂ ಮುಖಗಳನ್ನೂ ನೆಚ್ಚಿತ್ತು. ಕೊಲೆಯನ್ನು ಕಂಡ ಪ್ರೇಕ್ಷಕನಿಗೆ ಮ್ಯಾಕ್‌ಬೆತ್ತನ ಕೈಗಳು ಹೊಸ ಸುದ್ದಿಯನ್ನೇನೂ ಹೇಳವು. ಕಾಣದವನಿಗೆ ಒಳಕೋಣೆಯಲ್ಲಿ ನಡೆದುದನ್ನೆಲ್ಲ ಹೇಳುವುದು ಆ ಕೈಗಳೇ.