ಕೈಗಡ ಕೊಟ್ಟ ಗೆಳೆಯನ ದಾವೆ

ಗೆಳೆಯರ ನಡುವೆ ಪ್ರೋನೋಟಿನ ಮಾತೆತ್ತಲು ನಮ್ಮವರಿಗೆ ಸಂಕೋಚ. ಹಿಂದೆ ಕೈಗಡವನ್ನು ನಾಲ್ಕು ಜನ ಸಾಕ್ಷಿಗಳ ಮುಂದೆ ಎಣಿಸಿ ಕೊಡುವುದಾದರೂ ಇತ್ತು. ಈಗ ಹಣವು ಫೋನಿನಿಂದ ಫೋನಿಗೆ ಸದ್ದಿಲ್ಲದೆ ಹೋಗುತ್ತದೆ. ಕೊಟ್ಟವನ ಕೈಯಲ್ಲಿ ಉಳಿಯುವುದು ಬ್ಯಾಂಕಿನ ಲೆಕ್ಕದ ಒಂದು ಸಾಲು ಮತ್ತು ಕೆಲವು ಸಂದೇಶಗಳು, ಅಷ್ಟೆ. ಇಷ್ಟರಿಂದಲೇ ನ್ಯಾಯಾಲಯದಲ್ಲಿ ಹಣವನ್ನು ಹಿಂದಕ್ಕೆ ಪಡೆಯಲಾದೀತೇ?

ಶ್ರೀರಂಗಪಟ್ಟಣ ತಾಲ್ಲೂಕಿನ ಬಾಬುರಾಯನಕೊಪ್ಪಲಿನಲ್ಲಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಒಬ್ಬ ಮೇಷ್ಟ್ರು, ಹತ್ತಿರದಲ್ಲೇ ಆಲೆಮನೆ ನಡೆಸುವ ತಮ್ಮ ಬಾಲ್ಯದ ಗೆಳೆಯನಿಗೆ 2023ರ ಆಗಸ್ಟ್ 14ರಂದು ಒಂದು ಲಕ್ಷ, 16ರಂದು ಎಂಬತ್ತು ಸಾವಿರ ರೂಪಾಯಿಗಳನ್ನು ಕಳುಹಿಸಿದರು. ಅತ್ತಲಿಂದ ಒಡನೆಯೇ ಸಂದೇಶ ಬಂದಿತು: "ಮೇಷ್ಟ್ರೆ, ದುಡ್ಡು ಬಂತು. ಕಬ್ಬಿನ ಬಿಲ್ಲು ಆದ ಕೂಡ್ಲೆ ನಿಮ್ ದುಡ್ಡು ವಾಪಸ್ ಕೊಡ್ತೀನಿ." ಮರುವರ್ಷ ಮಾರ್ಚಿಯಲ್ಲಿ ಇಪ್ಪತ್ತು ಸಾವಿರ ಹಿಂದಿರುಗಿತು. ಆಮೇಲೆ ಫೋನು ಮಾಡಿದರೆ ಉತ್ತರವಿಲ್ಲ. 2025ರ ಡಿಸೆಂಬರಿನಲ್ಲಿ ಕೊನೆಯ ಸಂದೇಶ: "ಉಳಿದ ಒಂದು ಅರವತ್ತು ಯುಗಾದಿ ಒಳಗೆ ಕೊಡ್ತೀನಿ, ಒತ್ತಾಯ ಮಾಡಬೇಡಿ." ಯುಗಾದಿ ಬಂದು ಹೋಯಿತು, ಹಣ ಬರಲಿಲ್ಲ.

ಮೇಷ್ಟ್ರಿಗೆ ಧೈರ್ಯವೇನೋ ಇದೆ. ಬ್ಯಾಂಕಿನ ಮುದ್ರೆಯುಳ್ಳ ಲೆಕ್ಕಪತ್ರವೇ ಇರುವಾಗ ಇನ್ನೇನು ಬೇಕು ಎಂಬುದು ಅವರ ಎಣಿಕೆ. ಆದರೆ ಇಂಥ ದಾವೆಗಳು ಮುರಿಯುವುದು ಸಾಮಾನ್ಯವಾಗಿ ಈ ಎಣಿಕೆಯಲ್ಲಿಯೇ. ಬ್ಯಾಂಕಿನ ಲೆಕ್ಕವು ಹಣ ಹೋದುದನ್ನು ಹೇಳುತ್ತದೆ. ಏಕೆ ಹೋಯಿತೆಂಬುದನ್ನು ಹೇಳುವುದಿಲ್ಲ. ಗೌಹಾತಿ ಬ್ಯಾಂಕ್ ಮತ್ತು ಚಂದ್ರಧರ ಗೋಸ್ವಾಮಿ ಎಂಬವರ ನಡುವಣ ಮೊಕದ್ದಮೆಯಲ್ಲಿ (ತೀರ್ಪು 1967ರ ವರದಿಗಳಲ್ಲಿದೆ) ಹತ್ತು ಸಾವಿರ ರೂಪಾಯಿಯ ಒಂದು ಸಾಲವನ್ನು ಎದುರಾಳಿಗಳು ಒಪ್ಪಲಿಲ್ಲ. ಬ್ಯಾಂಕು ತನ್ನ ಪುಸ್ತಕದ ದೃಢೀಕೃತ ನಕಲನ್ನು ಮುಂದಿಟ್ಟಿತು. ಲೆಕ್ಕದ ಬರಹವೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು, ಅದಕ್ಕೆ ಬೇರೆ ಪುರಾವೆಯ ಆಸರೆ ಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಬ್ಯಾಂಕಿನ ಪಾಡೇ ಹಾಗಾದರೆ ಮೇಷ್ಟ್ರ ಪಾಡೇನು?

ಗೆಳೆಯನು ಹಣ ಬಂದೇ ಇಲ್ಲವೆಂದು ವಾದಿಸಲಾರ, ಅವನ ಖಾತೆಯೇ ಅವನನ್ನು ಹಿಡಿದುಕೊಡುತ್ತದೆ. ಅವನ ವಕೀಲರು ಬೇರೆ ದಾರಿ ಹಿಡಿಯುವರು: "ಹಣ ಬಂದದ್ದು ನಿಜ. ಆದರೆ ಅದು ಸಾಲವಲ್ಲ. ಮೇಷ್ಟ್ರು ಆಲೆಮನೆಯಲ್ಲಿ ಪಾಲಿಗೆ ಸೇರಿ ಹಾಕಿದ ಬಂಡವಾಳ. ಬೆಲ್ಲದ ಧಾರಣೆ ಕುಸಿಯಿತು, ಬಂಡವಾಳ ಮುಳುಗಿತು." ಪ್ರೋನೋಟಿದ್ದರೆ, ಸಹಿ ಸಾಬೀತಾದ ಬಳಿಕ ಪ್ರತಿಫಲ ಸಂದಿದೆಯೆಂದು ಕಾನೂನೇ ಊಹಿಸಿಕೊಳ್ಳುತ್ತದೆ. ಇಲ್ಲಿ ಆ ಊಹೆಯ ನೆರವಿಲ್ಲ. ಸಾಲವೆಂದು ತೋರಿಸುವ ಭಾರ ವಾದಿಯದೇ.

ಆ ಭಾರವನ್ನು ಹೊರಬೇಕಾದುದು ಸಂದೇಶಗಳು. "ವಾಪಸ್ ಕೊಡ್ತೀನಿ" ಎಂಬ ಎರಡು ಪದಗಳಿಗೆ ಇಲ್ಲಿ ಒಂದು ಲಕ್ಷದ ಅರವತ್ತು ಸಾವಿರದ ಬೆಲೆ. ಬಂಡವಾಳ ಹಾಕಿದವನಿಗೆ ಯಾರೂ ಹಾಗೆ ಬರೆಯುವುದಿಲ್ಲ. ಲಾಭ, ಪಾಲು, ಲೆಕ್ಕ ಎಂಬ ಮಾತುಗಳು ಬಂದಿರುತ್ತಿದ್ದವು. "ಉಳಿದ ಒಂದು ಅರವತ್ತು" ಎಂಬುದಂತೂ ಮೂಲಧನದಲ್ಲಿ ಇಪ್ಪತ್ತು ಸಾವಿರ ಕಳೆದ ಬಾಕಿಗೆ ಸರಿಯಾಗಿ ಹೊಂದುತ್ತದೆ. ಬ್ಯಾಂಕಿನ ದಿನಾಂಕ, ಸಂದೇಶದ ದಿನಾಂಕ, ಮೊತ್ತ ಈ ಮೂರೂ ಒಂದರ ಮೇಲೊಂದು ಕೂತಾಗ ಪಾಲುದಾರಿಕೆಯ ಕಥೆ ನಿಲ್ಲುವುದು ಕಷ್ಟ. ಅದಕ್ಕೆ ಬದಲಾಗಿ ಗೆಳೆಯನು "ಆಗಲಿ, ನೋಡೋಣ" ಎಂದಷ್ಟೇ ಬರೆದಿದ್ದರೆ ದಾವೆ ತೀರ ದುರ್ಬಲವಾಗುತ್ತಿತ್ತು.

ಆದರೆ ಆ ಸಂದೇಶಗಳನ್ನು ನ್ಯಾಯಾಲಯದ ಮುಂದಿಡುವ ಕ್ರಮವೊಂದುಂಟು. ಹೆಚ್ಚಿನವರು ತಮಗೆ ಅನುಕೂಲವಾದ ಎರಡು ಪರದೆಚಿತ್ರಗಳನ್ನು ಅಚ್ಚು ಹಾಕಿಸಿ ತರುತ್ತಾರೆ. ಅದರ ನೆತ್ತಿಯ ಮೇಲೆ ಕಾಣುವುದು ಮೇಷ್ಟ್ರು ತಾವೇ ಇಟ್ಟುಕೊಂಡ ಹೆಸರು, ಫೋನಿನ ಸಂಖ್ಯೆಯಲ್ಲ. ಅದು ಬೇರೆ ಯಾರದೋ ಇರಬಹುದಲ್ಲ ಎಂದು ಪಾಟೀಸವಾಲಿನಲ್ಲಿ ಕೇಳಿದರೆ ಉತ್ತರ ಬೇಕು. ಸಂಖ್ಯೆ ಕಾಣುವ ಪುಟವೂ ಇರಲಿ, ಸಂಭಾಷಣೆ ಮೊದಲಿನಿಂದ ಕೊನೆಯವರೆಗೂ ಇರಲಿ. ವಾಟ್ಸಾಪಿನ Export chat ಎಂಬುದನ್ನು ಒತ್ತಿದರೆ ಇಡೀ ಸಂಭಾಷಣೆ ದಿನಾಂಕ, ಗಂಟೆಗಳೊಡನೆ ಹೊರಬರುತ್ತದೆ. ಅದರಲ್ಲಿ ಮೇಷ್ಟ್ರಿಗೆ ಮುಜುಗರವಾಗುವ ಬೈಗುಳಗಳೂ ಇರಬಹುದು. ಅವನ್ನು ಕತ್ತರಿಸಿದರೆ ಉಳಿದುದರ ಮೇಲೂ ಸಂಶಯ ಹುಟ್ಟುತ್ತದೆ.

ಅಚ್ಚಿನ ಪ್ರತಿಯ ಜೊತೆಗೆ ಒಂದು ಪ್ರಮಾಣಪತ್ರ ಅವಶ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇದನ್ನು ವಿಧಿಸುತ್ತದೆ; ಹಿಂದಿನ ಕಾಯಿದೆಯಲ್ಲಿ ಇದು 65-ಬಿ ಆಗಿತ್ತು. ಹೊಸ ನಮೂನೆಗೆ ಎರಡು ಭಾಗಗಳು: ಒಂದನ್ನು ಫೋನಿನ ಒಡೆಯನು, ಇನ್ನೊಂದನ್ನು ತಜ್ಞನೊಬ್ಬನು ತುಂಬಿ ಸಹಿ ಮಾಡಬೇಕು. ಕಡತವು ಆಮೇಲೆ ಬದಲಾಗಿಲ್ಲವೆಂದು ತೋರಿಸಲು ಅದರಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಒಂದು ಸಂಖ್ಯೆಯನ್ನೂ ಅಲ್ಲಿ ಬರೆಯಬೇಕು. ಮೂಲ ಫೋನನ್ನೇ ಒಡೆಯನು ಸಾಕ್ಷಿಕಟ್ಟೆಗೆ ತಂದು ತೋರಿಸಿದರೆ ಪ್ರಮಾಣಪತ್ರ ಬೇಡವೆಂದು 2020ರಲ್ಲಿ, ಹಳೆಯ ಕಾಯಿದೆಯ ಕೆಳಗೆ, ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಆದುದರಿಂದ ವ್ಯಾಜ್ಯ ಮುಗಿಯುವವರೆಗೆ ಹಳೆಯ ಫೋನನ್ನು ಮಾರುವುದೂ ಬೇಡ, ಮೊಮ್ಮಕ್ಕಳ ಆಟಕ್ಕೆ ಕೊಡುವುದೂ ಬೇಡ.

ಇನ್ನು ಕಾಲದ ಮಾತು. 1963ರ ಕಾಲಪರಿಮಿತಿ ಕಾಯಿದೆಯಂತೆ ಕೊಟ್ಟ ಸಾಲಕ್ಕೆ ದಾವೆ ಹೂಡಲು ಮೂರು ವರ್ಷಗಳ ಅವಧಿ. ಕೇಳಿದಾಗ ಕೊಡುವ ಕೈಗಡವಾದರೆ ಕೇಳಿದ ದಿನದಿಂದ ಎಣಿಕೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಕೊಟ್ಟ ದಿನದಿಂದಲೇ ಎಣಿಕೆ. ಮೇಷ್ಟ್ರ ಮೊದಲ ಕಂತಿಗೆ 2026ರ ಆಗಸ್ಟ್ 14ಕ್ಕೆ ಮೂರು ವರ್ಷ ತುಂಬುತ್ತದೆ. ಅವಧಿ ಮುಗಿಯುವ ಮುನ್ನ ಸಾಲಗಾರನು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಅಂದಿನಿಂದ ಹೊಸ ಮೂರು ವರ್ಷ ದೊರೆಯುತ್ತದೆ. ಆದರೆ ಫೋನಿನ ಸಂದೇಶಕ್ಕೆ ಸಹಿ ಎಲ್ಲಿದೆ?

ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ 2013ರಲ್ಲಿ ಇಂಥದೇ ಪ್ರಶ್ನೆ ಬಂದಿತ್ತು. ಸುದರ್ಶನ್ ಕಾರ್ಗೋ ಮತ್ತು ಟೆಕ್‌ವಾಕ್ ಎಂಜಿನಿಯರಿಂಗ್ ಎಂಬ ಸಂಸ್ಥೆಗಳ ನಡುವಣ ಆ ಪ್ರಕರಣದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯಿದೆಯೊಡನೆ ಓದಿದಾಗ ಇ-ಮೇಲಿನಲ್ಲಿ ಸಾಲವನ್ನು ಒಪ್ಪಿದ್ದೂ ಸಿಂಧುವಾದ ಒಪ್ಪಿಗೆಯೇ ಎಂದು ತೀರ್ಪಾಯಿತು. ಡಿಸೆಂಬರಿನ ಸಂದೇಶಕ್ಕೂ ಅದೇ ನ್ಯಾಯ ಸಲ್ಲಬೇಕೆಂದು ಮೇಷ್ಟ್ರ ವಕೀಲರು ವಾದಿಸಬಹುದು. ಆದರೂ ಆ ಸಂದೇಶವನ್ನು ನಂಬಿಕೊಂಡು 2028ರವರೆಗೆ ಕಾಯುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲ ಮೂರು ವರ್ಷದೊಳಗೇ ದಾವೆ ಹೂಡಿದರೆ ಈ ಚರ್ಚೆಯೇ ಏಳದು. ತಡವಾಗಿಯೇ ಹೋಗಿದ್ದರೆ, ಯಾವ ದಿನಾಂಕದ ಯಾವ ಒಪ್ಪಿಗೆಯಿಂದ ಅವಧಿ ಉಳಿದಿದೆಯೆಂದು ವಾದಪತ್ರದಲ್ಲಿಯೇ ಬಿಡಿಸಿ ಹೇಳಬೇಕು.

ವಾದಪತ್ರವು ಉದ್ದವಾಗಬೇಕಿಲ್ಲ. ಬಾಲ್ಯಸ್ನೇಹ, ನಂಬಿಕೆದ್ರೋಹ ಮುಂತಾದ ಕಣ್ಣೀರಿನ ಕಂಡಿಕೆಗಳಿಂದ ಪ್ರಯೋಜನವಿಲ್ಲ. ಯಾವ ದಿನ, ಯಾವ ಖಾತೆಯಿಂದ ಯಾವ ಖಾತೆಗೆ, ಎಷ್ಟು ಹಣ, ವಹಿವಾಟಿನ ಸಂಖ್ಯೆ ಯಾವುದು, ಅದನ್ನು ಸಾಲವೆಂದು ಒಪ್ಪಿದ ಸಂದೇಶ ಯಾವುದು, ಮರಳಿ ಬಂದುದೆಷ್ಟು, ಉಳಿದುದೆಷ್ಟು ಎಂಬುದಿದ್ದರೆ ಸಾಕು. ಬಂದ ಇಪ್ಪತ್ತು ಸಾವಿರವನ್ನು ಮರೆಮಾಡಿದರೆ ಇಡೀ ದಾವೆಗೆ ಮಸಿ. ಪ್ರತಿವಾದಿ ವಾಸಿಸುವ ಶ್ರೀರಂಗಪಟ್ಟಣದ ಸಿವಿಲ್ ನ್ಯಾಯಾಲಯದಲ್ಲಿ ಇದನ್ನು ಹೂಡಬಹುದು. ಮೊತ್ತಕ್ಕನುಗುಣವಾದ ನ್ಯಾಯಾಲಯ ಶುಲ್ಕವನ್ನು ಮೊದಲೇ ಕಟ್ಟಬೇಕಾಗುತ್ತದೆ.

ಅದಕ್ಕೂ ಮೊದಲು ವಕೀಲರ ಮೂಲಕ ಒಂದು ನೋಟೀಸು ಕೊಡುವುದು ಲೇಸು. ಕಾನೂನಿನಲ್ಲಿ ಇದು ಕಡ್ಡಾಯವಲ್ಲ. ಆದರೆ ಬಡ್ಡಿಯ ಮಾತು ಸಂದೇಶಗಳಲ್ಲಿ ಎಲ್ಲಿಯೂ ಇಲ್ಲದಿರುವುದರಿಂದ, ಬಡ್ಡಿ ಕೇಳುವೆನೆಂದು ಬರೆದು ತಿಳಿಸಿದ ದಿನವೇ ಅದರ ಎಣಿಕೆಗೆ ಆಧಾರ. ಗೆಳೆಯನು ಉತ್ತರ ಬರೆದರೆ ಇನ್ನೊಂದು ಲಾಭವಿದೆ: ಅವನ ವಾದವು ಅಲ್ಲಿಯೇ ಕಟ್ಟಿಹೋಗುತ್ತದೆ. ನೋಟೀಸಿನ ಉತ್ತರದಲ್ಲಿ "ಸ್ವಲ್ಪ ಕಾಲ ಕೊಡಿ" ಎಂದವನು ಆಮೇಲೆ ಪಾಲುದಾರಿಕೆಯ ಮಾತೆತ್ತಿದರೆ ನ್ಯಾಯಾಧೀಶರು ಹುಬ್ಬೇರಿಸದಿರುವರೇ?

ದಾವೆ ನಡೆಯುತ್ತಿರುವಾಗಲೇ ಇಬ್ಬರೂ ಲೋಕ ಅದಾಲತ್ತಿನಲ್ಲಿ ಕುಳಿತು ರಾಜಿಯಾಗಲೂ ಅವಕಾಶವಿದೆ. ಅಲ್ಲಿ ಆದ ಒಪ್ಪಂದಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಶುಲ್ಕವೂ ಮರಳುತ್ತದೆ. ಕಂತುಗಳಿಗೆ ಒಪ್ಪುವುದಾದರೆ ಪ್ರತಿ ಕಂತಿನ ದಿನಾಂಕ ಮತ್ತು ಮೊತ್ತವನ್ನೂ, ಒಂದು ಕಂತು ತಪ್ಪಿದರೆ ಉಳಿದ ಪೂರ್ತಿ ಹಣ ಒಮ್ಮೆಗೇ ಸಲ್ಲಬೇಕೆಂಬ ಮಾತನ್ನೂ ರಾಜಿಪತ್ರದಲ್ಲಿ ಬರೆಸಿಕೊಳ್ಳಲು ಮೇಷ್ಟ್ರು ಮರೆಯಬಾರದು.