ಹೊರಸು ಜೋತುಬಿದ್ದರೆ ಮೊದಲು ಕಾಲು ನೋಡಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಿಸಿಲು ಏರಿದಂತೆ ಹೊರಸುಗಳು ಅಂಗಳಕ್ಕೂ ಮಾಳಿಗೆಗೂ ಬರುತ್ತವೆ. ತಿಂಗಳುಗಟ್ಟಲೆ ಗೋಡೆಗೆ ಒರಗಿಸಿಟ್ಟಿದ್ದನ್ನು ಇಳಿಸಿ ಮಲಗಿದವರಿಗೆ ಮೊದಲ ರಾತ್ರಿಯೇ ಗೊತ್ತಾಗುತ್ತದೆ: ನಡು ತಗ್ಗಿದೆ, ಸೊಂಟ ಕುಸಿಯುತ್ತಿದೆ, ಮಗ್ಗುಲು ಬದಲಿಸಿದರೆ ಕಾಲುಗಳು ಕಿರುಗುಟ್ಟುತ್ತಿವೆ. ಬೆಳಗಾದ ಮೇಲೆ ಹೆಚ್ಚಿನವರು ಹಗ್ಗಕ್ಕೆ ಕೈಹಾಕುತ್ತಾರೆ, ಕಿರುಗುಡುವ ಕಾಲಿಗೆ ಒಂದು ಮೊಳೆ ಹೊಡೆದು ಸುಮ್ಮನಾಗುತ್ತಾರೆ. ಆದರೆ ನಡು ಜೋಲುವುದೂ ಕಾಲು ಅಲುಗುವುದೂ ಬೇರೆ ಬೇರೆ ದೋಷಗಳಲ್ಲ.

ಹಳೆಯ ಕಾಲದ ಹೊರಸಿನಲ್ಲಿ ಮೊಳೆ ಇರುವುದಿಲ್ಲ. ನಾಲ್ಕು ಕಾಲು, ಎರಡು ಉದ್ದ ಪಟ್ಟಿ, ಎರಡು ಗಿಡ್ಡ ಪಟ್ಟಿ, ಅಷ್ಟೇ. ಪಟ್ಟಿಯ ತುದಿಯನ್ನು ಸಣ್ಣಗೆ ಕೆತ್ತಿ ಕಾಲಿನ ತೂತಿಗೆ ಕೂರಿಸಿರುತ್ತಾರೆ. ಮೇಲೆ ಹೆಣೆದ ಹಗ್ಗ ಎದುರುಬದುರಿನ ಪಟ್ಟಿಗಳನ್ನು ಒಳಕ್ಕೆ ಜಗ್ಗುತ್ತಿರುತ್ತದೆ. ಆ ಜಗ್ಗಿಗೆ ಪಟ್ಟಿಯ ತುದಿಗಳು ತೂತಿನೊಳಗೆ ಒತ್ತಿಕೊಂಡು ಭದ್ರವಾಗಿರುತ್ತವೆ. ಹಗ್ಗ ಸಡಿಲಾದರೆ ಆ ಒತ್ತು ಹೋಗುತ್ತದೆ. ಆಮೇಲೆ ಕೂತಾಗ, ಎದ್ದಾಗ, ಎಳೆದಾಡಿದಾಗ ಪಟ್ಟಿಯ ತುದಿ ತೂತಿನಲ್ಲಿ ಉಜ್ಜುತ್ತ ಸವೆಯುತ್ತದೆ. ಸವೆದ ಚೌಕಟ್ಟು ಹಗ್ಗದ ಬಿಗಿಯನ್ನು ತಾಳಲಾರದೆ ಒಳಕ್ಕೆ ವಾಲುತ್ತದೆ, ನಡು ಇನ್ನಷ್ಟು ಜೋಲುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ ಇಂಥ ಮಂಚವನ್ನು ಒಬ್ಬನೇ ಹೊತ್ತೊಯ್ಯಬಹುದಾದಷ್ಟು ಹಗುರ ಎಂದು ಮೆಚ್ಚಿ ಬರೆದಿದ್ದಾನೆ. ಆ ಹಗುರತನ ಬಂದಿರುವುದೇ ಮರದ ಅರ್ಧ ಕೆಲಸವನ್ನು ಹಗ್ಗಕ್ಕೆ ವಹಿಸಿದ್ದರಿಂದ.

ಆರಡಿ ಉದ್ದ, ಮೂರಡಿ ಅಗಲದ, ತೆಂಗಿನ ನಾರಿನ ಹಗ್ಗದಿಂದ ಓರೆಯಾಗಿ ಹೆಣೆದ ಹೊರಸೊಂದನ್ನು ತೆಗೆದುಕೊಳ್ಳೋಣ. ಯಾರೂ ಕೂರದಿದ್ದಾಗ ನಡುವಿನಲ್ಲಿ ಒಂದು ನೆಟ್ಟಗಿನ ಕೋಲನ್ನು ಅಡ್ಡ ಇಟ್ಟು ನೋಡಿದರೆ ಕೋಲಿಗೂ ಹೆಣಿಗೆಗೂ ನಡುವೆ ಒಂದು ಗೇಣು ಸಂದು ಕಾಣುತ್ತದೆ. ಖಾಲಿ ಹೊರಸಿನಲ್ಲಿ ಎರಡು ಬೆರಳಿನ ತಗ್ಗು ಸಹಜ. ನಾಲ್ಕು ಬೆರಳು ದಾಟಿದರೆ ಬಿಗಿಯಬೇಕು. ಒಂದು ಗೇಣು ಎಂದರೆ ಹಗ್ಗದ ಜೊತೆಗೆ ಚೌಕಟ್ಟೂ ಕೈಕೊಟ್ಟಿರಬಹುದು. ಪಟ್ಟಿ ಹಿಡಿದು ಅಲುಗಿಸಿದರೆ ಕಾಲ್ದೆಸೆಯ ಎಡಗಾಲು ತಿರುಗುತ್ತದೆ, ಸಮನೆಲದಲ್ಲಿ ಇಟ್ಟರೂ ಹೊರಸು ಕುಂಟುತ್ತದೆ.

ಇಲ್ಲಿ ಕೆಲಸ ಕಾಲಿನಿಂದ ಶುರುವಾಗಬೇಕು. ಹೆಣಿಗೆ ಕಾಲ್ದೆಸೆಯ ಪಟ್ಟಿಯವರೆಗೆ ಹೋಗದೆ ಸುಮಾರು ಒಂದಡಿ ಮೊದಲೇ ಒಂದು ದಪ್ಪ ಅಡ್ಡಹಗ್ಗಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಪಟ್ಟಿಗೆ ಇನ್ನೊಂದು ಹಗ್ಗ ಮೇಲೆ ಕೆಳಗೆ ಸುತ್ತುತ್ತ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿರುತ್ತದೆ. ಇದೇ ಬಿಗಿಹಗ್ಗ. ಅದರ ಕೊನೆಯ ಗಂಟು ಬಿಚ್ಚಿ ಎಲ್ಲ ಸುತ್ತುಗಳನ್ನೂ ಸಡಿಲ ಬಿಟ್ಟರೆ, ಕೊಡತಿಯಿಂದ ಮೆಲ್ಲಗೆ ತಟ್ಟಿ ಆ ಕಾಲನ್ನು ಎರಡು ಬೆರಳಿನಷ್ಟು ಹೊರಕ್ಕೆ ಜಾರಿಸಬಹುದು. ಸಂದಿನಲ್ಲಿ ಸೇರಿರುವ ದೂಳನ್ನೂ ತಗಣಿಯನ್ನೂ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಪಟ್ಟಿಯ ತುದಿ ಕಾಲಿನ ಆಚೆ ಬದಿಗೆ ಕಾಣುವಂತಿದ್ದರೆ ಬೆಣೆಯೇ ಸರಿಯಾದ ಮದ್ದು. ತುದಿಯಲ್ಲಿ ಗರಗಸದಿಂದ ಒಂದು ಸೀಳು ಹಾಕಿ, ತುದಿಯನ್ನು ತೂತಿಗೆ ಮರಳಿ ಕೂರಿಸಿ, ಒಣಗಿದ ಜಾಲಿಯ ತೆಳು ಬೆಣೆಯನ್ನು ಆ ಸೀಳಿಗೆ ಹೊಡೆಯಬೇಕು. ಸೀಳು ನೆಲಕ್ಕೆ ಸಮನಾಗಿ, ಅಡ್ಡವಾಗಿ ಇರಬೇಕು. ಆಗ ತುದಿ ಮೇಲಕ್ಕೂ ಕೆಳಕ್ಕೂ, ಎಂದರೆ ಕಾಲಿನ ಮರದ ಎಳೆಯ ಉದ್ದಕ್ಕೆ ಹಿಗ್ಗುತ್ತದೆ. ಸೀಳನ್ನು ನೆಟ್ಟಗೆ ನಿಲ್ಲಿಸಿ ಬೆಣೆ ಹೊಡೆದರೆ ಅದು ಕಾಲಿನ ಎಳೆಗಳನ್ನು ಎಡಕ್ಕೂ ಬಲಕ್ಕೂ ದೂಡುತ್ತದೆ, ಕಾಲು ಸೀಳುತ್ತದೆ. ಮೊಳೆ ಹೊಡೆದಾಗ ಆಗುವ ಅನಾಹುತವೂ ಇದೇ. ತುದಿ ತೂತಿನೊಳಗೇ ನಿಲ್ಲುವಂತಿದ್ದರೆ ಅದರ ಎರಡು ಮೈಗೆ ತೆಳ್ಳನೆಯ ಮರದ ಚಕ್ಕೆ ಅಂಟಿಸಿ, ಗೋಂದು ಹಚ್ಚಿ ಕೂರಿಸಿ ಒಂದು ದಿನ ಒಣಗಲು ಬಿಡಬೇಕು.

ಕೀಲಿಗೆ ನೀರು ಹೊಯ್ದು ಮರ ಉಬ್ಬಿಸುವ ರೂಢಿ ಹಲವು ಕಡೆ ಇದೆ. ಇದು ಒಂದೆರಡು ದಿನದ ಸುಖ. ಉಬ್ಬಿದ ಮರ ತೂತಿನ ಗೋಡೆಗೆ ಒತ್ತಿ ಜಜ್ಜಿಹೋಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಣ್ಣದಾಗುತ್ತದೆ.

ಬಿಗಿಯುವ ಮೊದಲು ಇನ್ನೊಂದು ಪರೀಕ್ಷೆ ಬಾಕಿ. ಒಂದು ದಾರ ಹಿಡಿದು ಮೂಲೆಯಿಂದ ಎದುರು ಮೂಲೆಗೆ, ಎರಡೂ ಓರೆಯಲ್ಲಿ ಅಳೆಯಬೇಕು. ನಮ್ಮ ಹೊರಸಿನಲ್ಲಿ ಒಂದು ಓರೆ ಎರಡು ಇಂಚು ಉದ್ದ ಬಂದಿದೆ ಎಂದುಕೊಳ್ಳಿ. ಚೌಕಟ್ಟು ಸೊಟ್ಟಗಾಗಿದೆ ಎಂದೇ ಅರ್ಥ. ಉದ್ದ ಬಂದ ಓರೆಯ ಎರಡು ಕಾಲುಗಳಿಗೆ ಹಗ್ಗ ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿದರೆ ಆ ಮೂಲೆಗಳು ಹತ್ತಿರ ಬರುತ್ತವೆ. ಎರಡೂ ಅಳತೆ ಸಮ ಬಂದ ಮೇಲೆ ಆ ಕಟ್ಟನ್ನು ಹಾಗೇ ಇಟ್ಟುಕೊಂಡು ಬಿಗಿಯಲು ಕೂರಬೇಕು. ಸೊಟ್ಟ ಚೌಕಟ್ಟನ್ನೇ ಬಿಗಿದರೆ ಕುಂಟುವುದು ನಿಲ್ಲುವುದಿಲ್ಲ.

ಈಗ ಹಗ್ಗ. ಬಿಗಿಯುವವರು ಕಾಲ್ದೆಸೆಯ ಎದುರು ನೆಲದ ಮೇಲೆ ಕೂತು ಒಂದು ಪಾದವನ್ನು ಪಟ್ಟಿಗೆ ಒತ್ತಿಕೊಳ್ಳುತ್ತಾರೆ. ಗಂಟು ಹಾಕಿರುವ ಕೊನೆಯಿಂದ ಆರಂಭಿಸಿ ಮೊದಲ ಸುತ್ತನ್ನು ತಮ್ಮತ್ತ ಜಗ್ಗಿ, ಎಡಗೈ ಹೆಬ್ಬೆರಳಿನಿಂದ ಪಟ್ಟಿಗೆ ಅದುಮಿ ಹಿಡಿದು, ಉಳಿಕೆ ಹಗ್ಗವನ್ನು ಎರಡನೆಯ ಸುತ್ತಿಗೆ ದಾಟಿಸುತ್ತಾರೆ. ಹೀಗೆ ಸುತ್ತಿನಿಂದ ಸುತ್ತಿಗೆ ಸಡಿಲು ಸಾಗುತ್ತ ಕೊನೆಯಲ್ಲಿ ಕೈಗೆ ಬರುತ್ತದೆ. ನಾರಿನ ಹಗ್ಗದ ಮೈ ಒರಟು, ಹಾಗಾಗಿ ಬಿಗಿದದ್ದು ಹಿಂದಕ್ಕೆ ಬೇಗ ಜಾರುವುದಿಲ್ಲ. ಕೈಗೆ ಮಾತ್ರ ಬಟ್ಟೆ ಸುತ್ತಿಕೊಳ್ಳಬೇಕು. ಒಂದೇ ಬಾರಿಗೆ ಪೂರ್ತಿ ಬಿಗಿಯಬಾರದು. ಮೊದಲ ಸರದಿಯಲ್ಲಿ ಮಧ್ಯಮ ಬಿಗಿ, ಆಮೇಲೆ ಅಂಗೈಯಿಂದ ಹೆಣಿಗೆಯ ಮೇಲೆಲ್ಲ ಒತ್ತಿ ಎಳೆಗಳನ್ನು ಹೊಂದಿಸಿ, ಎರಡನೆಯ ಸರದಿಯಲ್ಲಿ ಪೂರ್ತಿ ಬಿಗಿ. ರಾತ್ರಿ ಮಲಗಿ ಎದ್ದ ಮೇಲೆ ಮತ್ತೆ ಸ್ವಲ್ಪ ಸಡಿಲು ಕಾಣುತ್ತದೆ. ನಾರು ಭಾರಕ್ಕೆ ಹಿಗ್ಗುವ ಜಾತಿ, ತಪ್ಪು ಬಿಗಿದವರದಲ್ಲ. ಇನ್ನೊಂದು ಸರದಿ ಬಿಗಿದರೆ ಸರಿಹೋಗುತ್ತದೆ.

ಪುಂಡಿ ನಾರಿನ ಹಗ್ಗ ಅಥವಾ ನೂಲಿನ ಹಗ್ಗವಾದರೆ ಎಚ್ಚರ ಬೇಕು. ನೆನೆದಾಗ ಎಳೆ ಉಬ್ಬಿ ಹಗ್ಗ ಗಿಡ್ಡವಾಗುತ್ತದೆ, ಒಣಗಿದಾಗ ಮತ್ತೆ ಉದ್ದವಾಗುತ್ತದೆ. ತೇವವಿದ್ದಾಗ ಬಿಗಿದದ್ದು ಒಣಗಿದೊಡನೆ ಜೋಲುತ್ತದೆ. ಬಿರುಬಿಸಿಲಲ್ಲಿ ಶಕ್ತಿಯೆಲ್ಲ ಹಾಕಿ ಬಿಗಿದ ಹೊರಸು ಮಳೆಗೆ ಸಿಕ್ಕರೆ ಹಗ್ಗ ತಾನೇ ಸೆಳೆದು ಪಟ್ಟಿಯನ್ನೇ ಬಗ್ಗಿಸಬಹುದು.

ಎಲ್ಲ ಹೊರಸಿಗೂ ಈ ಉಪಾಯ ನಡೆಯುವುದಿಲ್ಲ. ಹಗ್ಗವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹೆಣೆದಿದ್ದರೆ ಬಿಗಿಹಗ್ಗ ಜಗ್ಗುವುದು ಉದ್ದದ ಎಳೆಗಳನ್ನು ಮಾತ್ರ. ಅಡ್ಡದವನ್ನು ಒಂದೊಂದಾಗಿ ಬದಿಯಿಂದ ಎಳೆಯಬೇಕು. ಅಡ್ಡಹಗ್ಗ ಪಟ್ಟಿಗೆ ನಾಲ್ಕು ಬೆರಳಿನಷ್ಟು ಸಮೀಪ ಬಂದುಬಿಟ್ಟಿದ್ದರೆ ಜಗ್ಗಲು ಜಾಗವೇ ಉಳಿದಿಲ್ಲ, ಹೆಣಿಗೆ ಬಿಚ್ಚಿ ಹೊಸದಾಗಿ ಹೆಣೆಯಬೇಕು. ಬಿಗಿದ ಮೇಲೂ ಒಂದೇ ಕಡೆ ಕುಳಿ ಉಳಿದರೆ ಅಲ್ಲೊಂದು ಎಳೆ ಹರಿದಿದೆ. ಅದಕ್ಕೆ ಹೊಸ ತುಂಡು ಸೇರಿಸುವಾಗ ಗಂಟನ್ನು ಮಲಗುವವರ ಬೆನ್ನಿಗೆ ಒತ್ತದಂತೆ ಪಟ್ಟಿಯ ಹತ್ತಿರಕ್ಕೆ ತರಬೇಕು. ಹಗ್ಗವನ್ನು ಮಡಚಿದಾಗ ನಾರು ಪಟಪಟನೆ ಮುರಿದರೆ, ಹೊರಸಿನ ಕೆಳಗೆ ದಿನವೂ ಕಂದು ಪುಡಿ ಬೀಳುತ್ತಿದ್ದರೆ, ಆ ಹಗ್ಗವನ್ನು ಬಿಗಿಯಲು ಹೋಗಬಾರದು. ಬಿಗಿದ ವಾರದಲ್ಲೇ ಅದು ನಡುರಾತ್ರಿ ಹರಿಯುತ್ತದೆ.