ಖಾಲಿ ಫೋನಿನಲ್ಲಿ ಉಳಿದ ಬೀಗ

ನನ್ನ ಅಣ್ಣನ ಮಗ ಸಹೋದ್ಯೋಗಿಯೊಬ್ಬರಿಂದ 7,500 ರೂಪಾಯಿಗೆ ಹಳೆಯ ಆಂಡ್ರಾಯ್ಡ್ ಫೋನ್ ಕೊಂಡ. ಆನ್ ಮಾಡಿದಾಗ ಭಾಷೆ ಆರಿಸಿ ಎನ್ನುವ ಪರದೆ ಬಂದಿತ್ತು, ಥೇಟ್ ಹೊಸ ಫೋನಿನ ಹಾಗೆ. ಮನೆಗೆ ತಂದು ವೈಫೈಗೆ ಜೋಡಿಸಿದ ಮೇಲೆ ಅದು ಪಟ್ಟು ಹಿಡಿಯಿತು: ಇದರಲ್ಲಿ ಮೊದಲಿದ್ದ ಗೂಗಲ್ ಖಾತೆಯಿಂದಲೇ ಲಾಗಿನ್ ಆಗಬೇಕು. ದಾಟಿ ಹೋಗಲು Skip ಗುಂಡಿಯೇ ಇರಲಿಲ್ಲ.

ಮಾರಿದವರು ಮೋಸಗಾರರಲ್ಲ. ಫೋನು ಅವರ ತಾಯಿಯದು. ಲಾಕ್ ಪ್ಯಾಟರ್ನ್ ಮರೆತುಹೋಗಿದ್ದರಿಂದ ಪವರ್ ಮತ್ತು ವಾಲ್ಯೂಮ್ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದು ರಿಸೆಟ್ ಮಾಡಿದ್ದರು. ಫೋಟೊ, ಮೆಸೇಜು ಎಲ್ಲ ಅಳಿಸಿಹೋದವು, ಬೀಗ ಮಾತ್ರ ಉಳಿಯಿತು. 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂದ ಈ ಏರ್ಪಾಡಿನ ಲೆಕ್ಕಾಚಾರ ಸರಳ: ಸ್ಕ್ರೀನ್ ಲಾಕ್ ತೆಗೆಯದೆ ಹೊರಗಿನಿಂದ ರಿಸೆಟ್ ಮಾಡಿದವನು ಕಳ್ಳನಿರಬಹುದು. ಕಳ್ಳ ಯಾರು, ಮರೆವಿನ ತಾಯಿ ಯಾರು ಎಂಬುದು ಫೋನಿಗೆ ತಿಳಿಯದು.

ತಾಯಿಗೆ ಪಾಸ್‌ವರ್ಡ್ ನೆನಪಿರಲಿಲ್ಲ. ಪುಣ್ಯಕ್ಕೆ ಸಿಮ್ ಅವರ ಬಳಿಯೇ ಇತ್ತು. ಒಟಿಪಿ ಪಡೆದು ಪಾಸ್‌ವರ್ಡ್ ಬದಲಿಸಿದರು. ಬದಲಿಸಿದ ಮೇಲೆ 24 ಗಂಟೆ ಕಾಯಬೇಕೆಂಬುದು ಗೂಗಲ್‌ನ ಸೂಚನೆ. ಮರುದಿನ ಸಂಜೆ ಫೋನು ತೆರೆಯಿತು. ಮಾರಿದವರು ಗುರುತಿಲ್ಲದವರಾಗಿದ್ದರೆ ಅಷ್ಟೂ ದುಡ್ಡು ನೀರಿಗೆ ಹಾಕಿದ ಹಾಗೆ.

ಫೋನ್ ಚೆನ್ನಾಗಿ ಓಡುತ್ತಿದೆ ಎಂಬುದೂ ಸಾಕಾಗದು. ಖಾತೆ ಒಳಗಿದ್ದರೆ ಬೀಗ ಮುಂದಿನ ರಿಸೆಟ್‌ವರೆಗೆ ಕಾಣಿಸಿಕೊಳ್ಳದೇ ಇರಬಹುದು. ಹಾಗಾಗಿ ದುಡ್ಡು ಕೊಡುವ ಮುಂಚೆ ಮಾರುವವರ ಕೈಯಿಂದಲೇ, ನಿಮ್ಮ ಕಣ್ಣೆದುರೇ, ಸೆಟ್ಟಿಂಗ್ಸ್‌ಗೆ ಹೋಗಿ ರಿಸೆಟ್ ಮಾಡಿಸಿ. ಆಮೇಲೆ ನಿಮ್ಮ ಹಾಟ್‌ಸ್ಪಾಟ್‌ಗೆ ಜೋಡಿಸಿ ಹೋಮ್ ಸ್ಕ್ರೀನ್ ಬರುವವರೆಗೂ ನೀವೇ ಸೆಟಪ್ ಮಾಡಿ. ಐಫೋನಿನಲ್ಲಿ Find My ಚಾಲೂ ಇದ್ದರೆ ಅಳಿಸುವಾಗಲೇ ಆಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ; ಮಾಲೀಕರಲ್ಲದವರು ಅಲ್ಲೇ ತಡವರಿಸುತ್ತಾರೆ. ಕಂತಿನಲ್ಲಿ ಕೊಂಡ ಫೋನಾದರೆ ಸಾಲ ತೀರಿದ ಪತ್ರ ಕೇಳಿ, ಏಕೆಂದರೆ ಕಂತು ತಪ್ಪಿದರೆ ಸಾಲ ಕೊಟ್ಟವರೇ ಲಾಕ್ ಮಾಡುವ ವ್ಯವಸ್ಥೆ ಕೆಲವು ಫೋನುಗಳಲ್ಲಿ ಇರುತ್ತದೆ. ಕದ್ದ ಮಾಲೇ ಎಂದು ನೋಡಲು `*#06#` ಒತ್ತಿ, ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು `KYM` ಎಂಬುದರ ಮುಂದೆ, ನಡುವೆ ಜಾಗ ಬಿಟ್ಟು ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿ.

ನೀವು ಮಾರುವವರಾದರೆ ಕ್ರಮ ತಪ್ಪಿಸಬೇಡಿ. ಮೊದಲು ಹೊಸ ಫೋನಿನಲ್ಲಿ ವಾಟ್ಸಾಪ್, ಯುಪಿಐ, ಒಟಿಪಿ ಕೊಡುವ ಆ್ಯಪ್‌ಗಳೆಲ್ಲ ನಡೆಯುತ್ತಿವೆಯೇ ನೋಡಿಕೊಳ್ಳಿ. ನಂತರ ಹಳೆಯದರಿಂದ ಗೂಗಲ್ ಖಾತೆ ಮತ್ತು ಫೋನ್ ಕಂಪನಿಯ ಖಾತೆ ಎರಡನ್ನೂ ತೆಗೆಯಿರಿ. ಐಫೋನಿನಲ್ಲಿ ಆಪಲ್ ಖಾತೆಯಿಂದ ಸೈನ್ ಔಟ್ ಆಗಿ. ಕೊನೆಗೆ ಸೆಟ್ಟಿಂಗ್ಸ್ ಮೂಲಕ ರಿಸೆಟ್. ಈಚಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ರಿಸೆಟ್ ಅದರ ಕೀಲಿಯನ್ನೇ ನಾಶಮಾಡುತ್ತದೆ. ಮತ್ತೆ ಅಳಿಸುವ ಆ್ಯಪ್ ಬೇಕಿಲ್ಲ. ಆದರೆ ಮೆಮೊರಿ ಕಾರ್ಡಿಗೆ ಈ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಸಿಮ್ ಜೊತೆ ಅದನ್ನೂ ತೆಗೆದಿಟ್ಟುಕೊಂಡು ಫೋನ್ ಕೊಡಿ.